ಮಣಿಕಟ್ಟಿನ ಎಕ್ಸ್-ರೇಯಲ್ಲಿ ರಿಕೆಟ್ಸ್: ಕಾಣೆಯಾದ ಬಿಳಿ ಗೆರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಆಸ್ಪತ್ರೆಗಳಿಂದ ಬರುವ ಎಕ್ಸ್-ರೇಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. ಹೌಸ್ ಸರ್ಜನ್‌ಗಳು, ಎಕ್ಸ್-ರೇ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು, ಕೆಲವೊಮ್ಮೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ಅಜ್ಜಿಯರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳೂ ಸುತ್ತಿ ಬಳಸಿ ಬರುವುದು ಒಂದೇ ಜಾಗಕ್ಕೆ, ಮೂಳೆಯ ತುದಿಯಲ್ಲಿರುವ ಒಂದು ಸಣ್ಣ ಬಿಳಿ ಗೆರೆಗೆ.

ಮಗುವಿಗೆ ಬಾಗಿರುವುದು ಕಾಲು. ನೀವೇಕೆ ಕೈಯ ಎಕ್ಸ್-ರೇ ತೆಗೆಯುತ್ತೀರಿ?

ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ ಇದೇ, ಮತ್ತು ಕೇಳುವುದರಲ್ಲಿ ತಪ್ಪೇನಿಲ್ಲ. ರಿಕೆಟ್ಸ್ ಎಂಬುದು ಬೆಳೆಯುತ್ತಿರುವ ಮೂಳೆಯ ಕಾಯಿಲೆ. ಮೂಳೆ ಎಲ್ಲಿ ಅತಿ ವೇಗವಾಗಿ ಉದ್ದವಾಗುತ್ತಿದೆಯೋ ಅಲ್ಲಿ ಅದು ಮೊದಲು ಮುಖ ತೋರಿಸುತ್ತದೆ. ಮುಂದೋಳಿನಲ್ಲಿ ಎರಡು ಮೂಳೆಗಳಿವೆ: ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಈ ಎರಡೂ ಉದ್ದವಾಗುವುದು ಬಹುಪಾಲು ಮಣಿಕಟ್ಟಿನ ಕಡೆಯ ತುದಿಯಿಂದಲೇ. ಒಟ್ಟು ಬೆಳವಣಿಗೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಅಲ್ಲೇ ನಡೆಯುತ್ತದೆ, ಮೊಣಕೈ ಕಡೆ ನಡೆಯುವುದು ಅಲ್ಪ. ಹಾಗಾಗಿ ಎಳೆಯ ಮಕ್ಕಳಲ್ಲಿ ಅಲ್ನಾದ ಕೆಳತುದಿ ಉಳಿದವಕ್ಕಿಂತ ಮೊದಲೇ ಸುದ್ದಿ ಹೇಳುತ್ತದೆ.

ಇನ್ನೊಂದು ಕಾರಣ ವ್ಯಾವಹಾರಿಕ. ಎರಡು ವರ್ಷದೊಳಗಿನ ಮಕ್ಕಳ ಕಾಲು ಸ್ವಲ್ಪ ಬಿಲ್ಲಿನಂತಿರುವುದು ಸಹಜ, ಬಹುತೇಕ ಮಕ್ಕಳಲ್ಲಿ ಅದು ತಾನಾಗಿ ನೆಟ್ಟಗಾಗುತ್ತದೆ. ಅದು ಸಹಜ ಬಾಗುವಿಕೆಯೋ ರಿಕೆಟ್ಸೋ ಎಂದು ತೀರ್ಮಾನಿಸಲು ಕಾಲಿನ ವಕ್ರತೆಯನ್ನು ಅಳೆಯುತ್ತಾ ಕುಳಿತುಕೊಳ್ಳುವುದಕ್ಕಿಂತ ಮಣಿಕಟ್ಟಿನ ಒಂದು ಫಿಲ್ಮ್ ನೋಡುವುದು ಲೇಸು. ಕೈಯನ್ನು ಹಲಗೆಯ ಮೇಲೆ ಹಿಡಿದಿಡುವುದು ಸುಲಭ, ಫಿಲ್ಮ್ ಒಂದೇ ಸಾಕು. ನಡೆಯುತ್ತಿರುವ ದೊಡ್ಡ ಮಗುವಾದರೆ ಮಂಡಿಯನ್ನೂ ಸೇರಿಸಿ ತೆಗೆಯಲು ಹೇಳುತ್ತೇನೆ. ಆ ವಯಸ್ಸಿನಲ್ಲಿ ಮಂಡಿಯೇ ಹೆಚ್ಚು ಮಾತಾಡುತ್ತದೆ.

ಆರೋಗ್ಯವಂತ ಮಗುವಿನ ಮಣಿಕಟ್ಟು ಹೇಗೆ ಕಾಣಬೇಕು?

ಮೊದಲು ಇದನ್ನು ಕಣ್ಣಿಗೆ ಅಭ್ಯಾಸ ಮಾಡಿಸಬೇಕು. ಮೂಳೆಯ ಕಾಂಡ ಮಣಿಕಟ್ಟಿನತ್ತ ಬರುತ್ತಾ ಸ್ವಲ್ಪ ಅಗಲವಾಗಿ ಕೊನೆಗೊಳ್ಳುತ್ತದೆ. ಆ ಅಗಲವಾದ ಕೊನೆಗೆ ಮೆಟಾಫಿಸಿಸ್ ಎನ್ನುತ್ತಾರೆ. ಅದರಾಚೆ ಕಪ್ಪಾದ ಒಂದು ತೆಳು ಸಂದು, ಸಂದಿನಾಚೆ ಎಪಿಫಿಸಿಸ್ ಎಂಬ ಪುಟ್ಟ ಮೂಳೆಯ ಬಿಲ್ಲೆ. ಕಪ್ಪಾಗಿ ಕಾಣುವ ಸಂದು ಖಾಲಿ ಜಾಗವಲ್ಲ. ಅದು ಮೃದ್ವಸ್ಥಿಯಿಂದಾದ ಬೆಳವಣಿಗೆ ಪಟ್ಟಿ, ವೈದ್ಯರ ಮಾತಿನಲ್ಲಿ ಗ್ರೋತ್ ಪ್ಲೇಟ್. ಸುಣ್ಣದ ಅಂಶ ಇಲ್ಲದ್ದರಿಂದ ಎಕ್ಸ್ ಕಿರಣ ಅದನ್ನು ಹಾದುಹೋಗುತ್ತದೆ, ಅಷ್ಟೇ. ಪುಟ್ಟ ಮಗುವಿನ ರೇಡಿಯಸ್‌ನಲ್ಲಿ ಈ ಸಂದು ಒಂದೆರಡು ಮಿಲಿಮೀಟರ್ ಇರುತ್ತದೆ.

ಈಗ ಮೆಟಾಫಿಸಿಸ್‌ನ ಅಂಚನ್ನೇ ದಿಟ್ಟಿಸಿ. ಸೀಸದ ಕಡ್ಡಿಯಲ್ಲಿ ಒತ್ತಿ ಎಳೆದ ಹಾಗೆ ಒಂದು ಸಣ್ಣ, ಅಚ್ಚ ಬಿಳಿ ಗೆರೆ ಕಾಣಬೇಕು. ಬೆಳವಣಿಗೆ ಪಟ್ಟಿಯ ಕೆಳಪದರದಲ್ಲಿ ಆಗಷ್ಟೇ ಸುಣ್ಣ ಕೂತ ಜಾಗ ಅದು. ಮೂಳೆಯಾಗುವುದಕ್ಕೆ ಮುಂಚಿನ ತಾತ್ಕಾಲಿಕ ಗಟ್ಟಿ ಪದರ ಎನ್ನಬಹುದು. ಈ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ, ಚೂಪಾಗಿ ಇದ್ದರೆ ಸಕ್ರಿಯ ರಿಕೆಟ್ಸ್ ಬಹುತೇಕ ಇಲ್ಲವೆಂದೇ ನಾನು ಬರೆಯುತ್ತೇನೆ.

ವಯಸ್ಸಿನ ಲೆಕ್ಕ ಮರೆಯಬಾರದು. ರೇಡಿಯಸ್‌ನ ಬಿಲ್ಲೆ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳುವುದು ಸುಮಾರು ಒಂದು ವರ್ಷದ ಹೊತ್ತಿಗೆ, ಅಲ್ನಾದ ಬಿಲ್ಲೆ ಐದರಿಂದ ಏಳು ವರ್ಷದ ನಡುವೆ. ಎರಡು ವರ್ಷದ ಮಗುವಿನ ಅಲ್ನಾದ ತುದಿಯಲ್ಲಿ ಬಿಲ್ಲೆಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಸಂದನ್ನು ಅಳೆಯಲು ಇನ್ನೊಂದು ದಡವಿಲ್ಲ. ‘ಅಲ್ನಾದ ಗ್ರೋತ್ ಪ್ಲೇಟ್ ಅಗಲವಾಗಿದೆ’ ಎಂದು ಆ ವಯಸ್ಸಿನ ಫಿಲ್ಮಿಗೆ ವರದಿ ಬರೆದವರನ್ನು ಕಂಡರೆ, ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂದು ಕೇಳುವ ಚಪಲ ನನಗೆ ಇದ್ದೇ ಇದೆ. ಅಲ್ನಾದಲ್ಲಿ ನೋಡಬೇಕಾದದ್ದು ಅಂಚು ಮತ್ತು ಆಕಾರ. ಅಗಲವನ್ನು ರೇಡಿಯಸ್‌ನಲ್ಲಿ ನೋಡಬೇಕು.

ಅಗಲವಾಗುವುದು, ಬಟ್ಟಲಾಗುವುದು, ಎಳೆ ಬಿಚ್ಚುವುದು: ಈ ಮೂರೂ ಒಟ್ಟಿಗೆ ಏಕೆ ಬರುತ್ತವೆ?

ಮೂರೂ ಒಂದೇ ಕೆಲಸ ನಿಂತುಹೋದದ್ದರ ಫಲ. ಬೆಳವಣಿಗೆ ಪಟ್ಟಿಯಲ್ಲಿ ಮೃದ್ವಸ್ಥಿಯ ಜೀವಕೋಶಗಳು ನಾಣ್ಯ ಪೇರಿಸಿದಂತೆ ಸಾಲುಗಟ್ಟಿರುತ್ತವೆ. ಮೇಲಿನಿಂದ ಹೊಸವು ಹುಟ್ಟುತ್ತವೆ, ಕೆಳಗಿನವು ಊದಿಕೊಂಡು ಸಾಯುತ್ತವೆ, ಅವುಗಳ ಸುತ್ತ ಸುಣ್ಣ ಕೂರುತ್ತದೆ, ಹಿಂದೆಯೇ ರಕ್ತನಾಳ ನುಗ್ಗಿ ಮೂಳೆ ಕಟ್ಟುತ್ತದೆ. ಕೆಳಗಿನ ಕೋಶಗಳು ಹೊತ್ತಿಗೆ ಸರಿಯಾಗಿ ಸಾಯಲು ರಂಜಕ, ಅಂದರೆ ಫಾಸ್ಫೇಟ್, ಬೇಕು. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ರಕ್ತದ ಕ್ಯಾಲ್ಸಿಯಂ ಕಾಪಾಡುವ ಭರದಲ್ಲಿ ಅದು ಮೂತ್ರದ ಮೂಲಕ ಫಾಸ್ಫೇಟನ್ನು ಹೊರಗೆ ಚೆಲ್ಲಿಸುತ್ತದೆ. ಆಗ ಕೆಳಗಿನ ಕೋಶಗಳು ಸಾಯುವುದಿಲ್ಲ, ಸುಣ್ಣವೂ ಕೂರುವುದಿಲ್ಲ.

ಕಾಫಿ ಕೊಯ್ಲಿನ ದಿನಗಳಲ್ಲಿ ಮೋಡ ಕವಿದರೆ ಕಣದಲ್ಲಿ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೋಟದಿಂದ ಹೊಸ ಹಣ್ಣು ಬರುತ್ತಲೇ ಇರುತ್ತದೆ, ಹರಡಿದ್ದು ಒಣಗಿ ಏಳುವುದಿಲ್ಲ, ರಾಶಿ ದಪ್ಪವಾಗುತ್ತಾ ಹೋಗುತ್ತದೆ. ಬೆಳವಣಿಗೆ ಪಟ್ಟಿಯೂ ಹೀಗೆಯೇ ದಪ್ಪವಾಗುತ್ತದೆ. ಫಿಲ್ಮಿನಲ್ಲಿ ಅದು ಅಗಲವಾದ ಕಪ್ಪು ಸಂದು.

ಸುಣ್ಣ ಎಲ್ಲ ಸಾಲುಗಳಲ್ಲೂ ಒಂದೇ ಸಮನಾಗಿ ನಿಲ್ಲುವುದಿಲ್ಲ. ಒಂದು ಸಾಲಿನಲ್ಲಿ ಚೂರು ಕೂತಿರುತ್ತದೆ, ಪಕ್ಕದ್ದರಲ್ಲಿ ಇಲ್ಲವೇ ಇಲ್ಲ. ಸುಣ್ಣವಿಲ್ಲದ ಮೃದ್ವಸ್ಥಿ ನಾಲಿಗೆ ಚಾಚಿದಂತೆ ಮೂಳೆಯೊಳಗೆ ಇಳಿಯುತ್ತದೆ. ಅದರಿಂದ ಬಿಳಿ ಗೆರೆ ಮೊದಲು ಮಬ್ಬಾಗಿ, ಆಮೇಲೆ ಕಡಿದು, ಕೊನೆಗೆ ಅಳಿಸಿಹೋಗಿ, ಅಂಚು ಹಲ್ಲುಜ್ಜಲು ಜಗಿದ ಬೇವಿನ ಕಡ್ಡಿಯ ತುದಿಯಂತೆ ಕುಚ್ಚುಕುಚ್ಚಾಗುತ್ತದೆ. ಎಳೆ ಬಿಚ್ಚುವುದು ಎಂದರೆ ಇದು.

ಬಟ್ಟಲಾಗುವುದಕ್ಕೆ ಒತ್ತಡವೂ ಸೇರಬೇಕು. ಮೆದುವಾದ ಮೆಟಾಫಿಸಿಸ್ ಮೇಲೆ ದಪ್ಪ ಮೃದ್ವಸ್ಥಿಯ ಮುದ್ದೆ ಕೂತಿದೆ. ಮಗು ಅಂಬೆಗಾಲಿಡುವಾಗ ಅಂಗೈ ಊರುತ್ತದೆ, ಸ್ನಾಯುಗಳು ಎಳೆಯುತ್ತವೆ. ನಡುಭಾಗ ಒಳಕ್ಕೆ ತಗ್ಗಿ, ಅಂಚುಗಳು ಹೊರಕ್ಕೆ ಚಾಚಿಕೊಳ್ಳುತ್ತವೆ. ಆ ಚಾಚಿದ ಅಂಚು ಮತ್ತು ಮೃದ್ವಸ್ಥಿಯ ಮುದ್ದೆಯೇ ತಾಯಿ ಸ್ನಾನ ಮಾಡಿಸುವಾಗ ಬೆರಳಿಗೆ ತಾಕುವ ‘ದಪ್ಪ ಮಣಿಕಟ್ಟು’.

ಫಿಲ್ಮ್ ಕೈಗೆ ಬಂದಾಗ ಯಾವ ಕ್ರಮದಲ್ಲಿ ನೋಡುತ್ತೀರಿ?

ಮಗುವಿನ ವಯಸ್ಸು ತಿಳಿಯದೆ ನೋಡುವುದಿಲ್ಲ. ಚೀಟಿಯಲ್ಲಿ ವಯಸ್ಸಿಲ್ಲದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಆಮೇಲೆ ಬೆರಳಿನ ಮೂಳೆಗಳ ಅಂಚಿನತ್ತ ಒಮ್ಮೆ ಕಣ್ಣು ಹಾಯಿಸುತ್ತೇನೆ, ಕಾರಣ ಮುಂದೆ ಹೇಳುತ್ತೇನೆ. ಅಲ್ಲಿಂದ ಕಣ್ಣು ನೇರ ಅಲ್ನಾದ ತುದಿಗೆ ಹೋಗುತ್ತದೆ: ಬಿಳಿ ಗೆರೆ ಇದೆಯೇ? ಬಳಿಕ ರೇಡಿಯಸ್‌ನ ಅಂಚಿನಲ್ಲಿ ಅದೇ ಪ್ರಶ್ನೆ. ಗೆರೆ ಇಲ್ಲವೆಂದಾದರೆ ಮಾತ್ರ ಸಂದಿನ ಅಗಲ, ಬಟ್ಟಲಿನ ಆಳ, ಕುಚ್ಚಿನ ಉದ್ದ. ಕೊನೆಗೆ ಬಿಲ್ಲೆಯ ಸುತ್ತಿನ ಅಂಚು. ರಿಕೆಟ್ಸ್‌ನಲ್ಲಿ ಅದೂ ಮಸುಕಾಗಿ, ವಯಸ್ಸಿಗೆ ಇರಬೇಕಾದದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಮೂಳೆ ಎಷ್ಟು ಬೆಳ್ಳಗಿದೆ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಈಗಿನ ಡಿಜಿಟಲ್ ಯಂತ್ರಗಳು ಹೊಳಪನ್ನು ತಾವೇ ಸರಿಪಡಿಸಿ ತೋರಿಸುತ್ತವೆ. ಸುಣ್ಣ ಕಡಿಮೆಯಾದ ಮೂಳೆಯೂ ಪರದೆಯ ಮೇಲೆ ಲಕ್ಷಣವಾಗಿಯೇ ಕಾಣಬಹುದು.

ಅಲ್ನಾದ ತುದಿ ಸ್ವಲ್ಪ ತಗ್ಗಾಗಿದೆ, ಅಷ್ಟೇ. ರಿಕೆಟ್ಸ್ ಎಂದು ಬರೆಯಲೇ?

ಬೇಡ. ಹೊಸಬರು ಜಾರಿ ಬೀಳುವ ಜಾಗ ಇದು. ಒಂದೆರಡು ವರ್ಷದ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಅಲ್ನಾದ ಕೊನೆ ತುಸು ಬಟ್ಟಲಿನಂತೆಯೇ ಇರುತ್ತದೆ. ವ್ಯತ್ಯಾಸ ಅಂಚಿನಲ್ಲಿದೆ. ಸಹಜವಾದ ಬಟ್ಟಲಿಗೆ ಒಳಗಡೆ ಬಿಳಿ ಗೆರೆ ಬಳಿದಿರುತ್ತದೆ, ಸೌಟಿನ ಬಾಯಿಯಂತೆ ನುಣುಪು. ಪಕ್ಕದ ರೇಡಿಯಸ್ ಸರಿಯಾಗಿರುತ್ತದೆ. ರಿಕೆಟ್ಸ್‌ನ ಬಟ್ಟಲಿಗೆ ಬಾಯಿಯ ಅಂಚೇ ಇರುವುದಿಲ್ಲ.

ಆದ್ದರಿಂದ ಮೂರು ಚಿಹ್ನೆಗಳನ್ನು ಸರಿಸಮ ಎಂದು ನಾನು ಎಣಿಸುವುದಿಲ್ಲ. ಕುಚ್ಚಾದ ಅಂಚಿಗೆ ಹೆಚ್ಚು ತೂಕ, ಅಗಲವಾದ ಸಂದಿಗೆ ಅದರ ನಂತರ, ಒಂಟಿ ಬಟ್ಟಲಿಗೆ ಎಲ್ಲಕ್ಕಿಂತ ಕಡಿಮೆ.

ಒಂದು ಮಗುವಿನ ಫಿಲ್ಮನ್ನು ಮೊದಲಿಂದ ಕೊನೆಯವರೆಗೆ ಓದಿ ತೋರಿಸಬಹುದೇ?

ಗುರುತು ಸಿಗದಂತೆ ವಿವರ ಬದಲಿಸಿ ಒಂದನ್ನು ಹೇಳುತ್ತೇನೆ. ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆ, 19 ತಿಂಗಳ ಹುಡುಗಿ. ಕೆಮ್ಮು ಜ್ವರಕ್ಕೆಂದು ಬಂದವಳು. ಕೆಮ್ಮಿಗೆ ತೆಗೆದ ಎದೆಯ ಫಿಲ್ಮಿನಲ್ಲಿ ಪಕ್ಕೆಲುಬುಗಳ ಮುಂದಿನ ತುದಿಗಳು ದಪ್ಪಗೆ, ಬಟ್ಟಲಿನಂತೆ ಕಂಡವು. ಕೈ ಹಿಡಿದು ನೋಡಿದ ಮಕ್ಕಳ ವೈದ್ಯೆ ಮಣಿಕಟ್ಟಿನ ಫಿಲ್ಮಿಗೆ ಬರೆದರು. ಇನ್ನೂ ನಡೆಯುತ್ತಿರಲಿಲ್ಲ, ಗೋಡೆ ಹಿಡಿದು ನಿಲ್ಲುತ್ತಿದ್ದಳು. ‘ನಮ್ಮ ದೊಡ್ಡವನೂ ತಡವಾಗಿಯೇ ನಡೆದದ್ದು ಡಾಕ್ಟರೇ’ ಎಂದರು ತಾಯಿ. ಏನು ತಿನ್ನುತ್ತಾಳೆ ಎಂದು ಕೇಳಿದರೆ ಎದೆಹಾಲು, ಅನ್ನದ ಗಂಜಿ, ಬೆಲ್ಲದ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ಹುಟ್ಟಿದಾಗ ಕೊಟ್ಟ ವಿಟಮಿನ್ ಡಿ ಹನಿಯ ಬಾಟಲಿ ಮುಗಿದ ಮೇಲೆ ಇನ್ನೊಂದನ್ನು ಯಾರೂ ತಂದಿರಲಿಲ್ಲ.

ಎಡಗೈಯ ಫಿಲ್ಮ್. ಅಲ್ನಾದ ತುದಿಯಲ್ಲಿ ಬಿಳಿ ಗೆರೆ ಇಲ್ಲ. ನಡುಭಾಗ ಒಳಕ್ಕೆ ಇಳಿದು, ಎರಡೂ ಕಡೆಯ ಅಂಚುಗಳು ಕೊಂಬಿನಂತೆ ಚಾಚಿವೆ. ತಗ್ಗಿನ ತಳದಿಂದ ಸಣ್ಣ ಸಣ್ಣ ಬಿಳಿ ಎಳೆಗಳು ಬೆರಳುಗಳ ಕಡೆಗೆ ಎದ್ದಿವೆ. ರೇಡಿಯಸ್‌ನಲ್ಲಿ ಗೆರೆ ಹೆಬ್ಬೆರಳಿನ ಬದಿಯಲ್ಲಿ ಮಬ್ಬಾಗಿ ಉಳಿದಿದೆ, ಉಳಿದೆಡೆ ಇಲ್ಲ. ಅಂಚು ಏರುಪೇರು, ಆದರೆ ನಿಜವಾದ ತಗ್ಗಿಲ್ಲ. ರೇಡಿಯಸ್‌ನ ಬಿಲ್ಲೆ ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಅಂಚು ಮಸುಕು. ಬಿಲ್ಲೆಗೂ ಮೆಟಾಫಿಸಿಸ್‌ಗೂ ನಡುವೆ ನಾಲ್ಕು ಮಿಲಿಮೀಟರ್‌ಗಿಂತ ಹೆಚ್ಚು. ಬೆರಳಿನ ಮೂಳೆಗಳ ಅಂಚು ಚೂಪಾಗಿದೆ, ಅಂದರೆ ಮಗು ಕೈ ಅಲ್ಲಾಡಿಸಿಲ್ಲ, ಕುಚ್ಚು ನಿಜವಾದದ್ದೇ. ವರದಿಯಲ್ಲಿ ‘ಸಕ್ರಿಯ ರಿಕೆಟ್ಸ್’ ಎಂದು ಬರೆದು, ಕಾರಣ ತಿಳಿಯಲು ರಕ್ತ ಪರೀಕ್ಷೆ ಮಾಡಿಸಿ ಎಂದು ಸೇರಿಸಿದೆ. ಫಿಲ್ಮ್ ರಿಕೆಟ್ಸ್ ಇದೆ ಎನ್ನಬಲ್ಲದು, ಯಾಕೆ ಬಂತು ಎನ್ನಲಾರದು.

ರಕ್ತದಲ್ಲಿ ಕ್ಯಾಲ್ಸಿಯಂ 8.4 ಮಿ.ಗ್ರಾಂ, ಫಾಸ್ಫೇಟ್ 2.9. ಈ ವಯಸ್ಸಿಗೆ ಫಾಸ್ಫೇಟ್ ನಾಲ್ಕಕ್ಕಿಂತ ಮೇಲಿರಬೇಕು. ರಿಕೆಟ್ಸ್‌ನಲ್ಲಿ ರಕ್ತದಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ 1320, ಅಂದರೆ ಮಗುವಿನ ಮೇಲ್ಮಿತಿಯ ಮೂರರಷ್ಟು. ಕ್ರಿಯಾಟಿನಿನ್ ಸರಿಯಾಗಿದ್ದುದರಿಂದ ಮೂತ್ರಪಿಂಡದ ಮೇಲಿನ ಅನುಮಾನ ಹೋಯಿತು. ವಿಟಮಿನ್ ಡಿ 6 ನ್ಯಾನೋಗ್ರಾಂ. 12ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದು ಲೆಕ್ಕ. ಮಕ್ಕಳ ವೈದ್ಯೆ ದಿನಕ್ಕೆ 3000 ಯೂನಿಟ್ ವಿಟಮಿನ್ ಡಿ ಮತ್ತು 500 ಮಿ.ಗ್ರಾಂ ಕ್ಯಾಲ್ಸಿಯಂ ಮೂರು ತಿಂಗಳಿಗೆ ಬರೆದರು. ಮುಂದೇನಾಯಿತು ಎಂಬುದಕ್ಕೆ ಕೆಳಗೆ ಬರುತ್ತೇನೆ.

ತೀವ್ರತೆಗೆ ಅಂಕ ಕೊಡುವ ಪದ್ಧತಿ ಇದೆಯಂತಲ್ಲ?

ಇದೆ. ನೈಜೀರಿಯಾದ ಮಕ್ಕಳ ಫಿಲ್ಮುಗಳನ್ನು ಆಧರಿಸಿ ಥ್ಯಾಚರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ಒಟ್ಟು 10 ಅಂಕ, ಮಣಿಕಟ್ಟಿಗೆ 4, ಮಂಡಿಗೆ 6. ಮಣಿಕಟ್ಟಿನಲ್ಲಿ ರೇಡಿಯಸ್, ಅಲ್ನಾ ಎರಡಕ್ಕೂ ಬೇರೆ ಬೇರೆ ಅಂಕ. ಸಂದು ಅಗಲವಾಗಿ ಅಂಚು ಏರುಪೇರಾಗಿದ್ದು ಬಟ್ಟಲಾಗಿಲ್ಲವೆಂದರೆ 1, ಬಟ್ಟಲಾಗಿ ಕುಚ್ಚೂ ಬಿಚ್ಚಿದ್ದರೆ 2. ಮೇಲಿನ ಹುಡುಗಿಗೆ ಅಲ್ನಾಕ್ಕೆ 2, ರೇಡಿಯಸ್‌ಗೆ 1, ಒಟ್ಟು ನಾಲ್ಕರಲ್ಲಿ 3. ಇದರ ಉಪಯೋಗ ಮೊದಲ ಫಿಲ್ಮನ್ನು ಮೂರನೆಯದರ ಜೊತೆ ಹೋಲಿಸುವಾಗ. ರೋಗವಿದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಅಂಕ ಬೇಕಾಗಿಲ್ಲ.

ಫಿಲ್ಮ್ ತೆಗೆಯುವಾಗ ಏನು ತಪ್ಪಬಹುದು?

ನಾನೇ ತಪ್ಪಿದ್ದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಿಂದ ಬಂದ ಫಿಲ್ಮಿನಲ್ಲಿ ರೇಡಿಯಸ್‌ನ ಅಂಚು ಮಸುಕಾಗಿ ಕಂಡು ‘ಆರಂಭಿಕ ರಿಕೆಟ್ಸ್’ ಎಂದು ಬರೆದಿದ್ದೆ. ರಕ್ತದ ವರದಿ ಎಲ್ಲವೂ ಸರಿ. ಫಿಲ್ಮನ್ನು ಮತ್ತೆ ತೆರೆದು ನೋಡಿದರೆ ಬೆರಳಿನ ಮೂಳೆಗಳ ಅಂಚೂ ಅಷ್ಟೇ ಮಸುಕು. ಮಗು ಕೈ ಎಳೆದುಕೊಂಡಿತ್ತು, ನಾನು ಅದರ ಹಟಕ್ಕೆ ಕಾಯಿಲೆಯ ಹೆಸರಿಟ್ಟಿದ್ದೆ. ಅಂದಿನಿಂದ ಮಣಿಕಟ್ಟು ನೋಡುವ ಮುಂಚೆ ಬೆರಳುಗಳ ನಡುಭಾಗ ನೋಡುವುದು ರೂಢಿಯಾಯಿತು. ಅಲ್ಲಿಯ ಅಂಚು ಚೂಪಾಗಿದ್ದು ಬೆಳವಣಿಗೆಯ ತುದಿ ಮಾತ್ರ ಮಸುಕಾಗಿದ್ದರೆ ಕಾಯಿಲೆ. ಎಲ್ಲವೂ ಮಸುಕಾಗಿದ್ದರೆ ಅಲುಗಾಟ.

ತಂತ್ರಜ್ಞರಿಗೆ ನನ್ನ ಕೋರಿಕೆ ಇಷ್ಟೇ. ಅಂಗೈ ಕೆಳಮುಖವಾಗಿ ಹಲಗೆಗೆ ಚಪ್ಪಟೆಯಾಗಿ ತಾಗಲಿ, ಕಿರಣ ಮಣಿಕಟ್ಟಿನ ಮೇಲೆ ನೆಟ್ಟಗೆ ಬೀಳಲಿ. ಕೈ ಓರೆಯಾದರೆ ಬಿಲ್ಲೆ ಮೆಟಾಫಿಸಿಸ್ ಮೇಲೆ ಕವಿದು ಸಂದೇ ಮುಚ್ಚಿಹೋಗುತ್ತದೆ, ರೋಗ ಇದ್ದರೂ ಕಾಣದು. ಕಿರಣದ ಅವಧಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಕೈ ಹಿಡಿಯುವ ತಾಯಿಗೆ ಸೀಸದ ಏಪ್ರನ್ ತೊಡಿಸಿ, ಆಕೆ ಗರ್ಭಿಣಿಯಾಗಿದ್ದರೆ ಬೇರೆಯವರನ್ನು ಕರೆಯಿರಿ.

ಇನ್ನು ಮೊಬೈಲ್. ಪರದೆಯ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಈ ಗುಡ್ಡಗಾಡಿನಲ್ಲಿ ಅನಿವಾರ್ಯ ಎಂದು ಗೊತ್ತು. ಆದರೆ ಹಾಗೆ ಬಂದ ಚಿತ್ರದಲ್ಲಿ ಮೊದಲು ಅಳಿಸಿಹೋಗುವುದೇ ಆ ಸಣ್ಣ ಬಿಳಿ ಗೆರೆ. ದೊಡ್ಡ ಬಟ್ಟಲು, ದೊಡ್ಡ ಕುಚ್ಚು ಅದರಲ್ಲೂ ಕಾಣುತ್ತವೆ. ಆರಂಭದ ಹಂತವನ್ನು ಮೊಬೈಲ್ ಚಿತ್ರದಲ್ಲಿ ನಾನು ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ.

ಫಿಲ್ಮ್ ಸರಿಯಾಗಿದೆ ಎಂದರೆ ಮಗುವಿಗೆ ವಿಟಮಿನ್ ಡಿ ಸಾಕಷ್ಟಿದೆ ಎಂದರ್ಥವೇ?

ಅಲ್ಲ. ಕೊರತೆ ಶುರುವಾಗಿ ಎಷ್ಟೋ ದಿನ ಕಳೆದ ಮೇಲೆ ಮೂಳೆಯಲ್ಲಿ ಕಾಣುತ್ತದೆ. ಅಷ್ಟರೊಳಗೆ ಎಳೆಗೂಸಿಗೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬಂದಿರಲೂಬಹುದು. ಫಿಲ್ಮ್ ಚೆನ್ನಾಗಿದ್ದು ಮಗು ಸೆಟೆದುಕೊಂಡಿದ್ದರೆ ರಕ್ತ ಪರೀಕ್ಷೆಯನ್ನು ನಂಬಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ತೀರಾ ಸೊರಗಿದ ಮಗುವಿನಲ್ಲಿ ಬೆಳವಣಿಗೆಯೇ ನಿಂತಿರುತ್ತದೆ. ಹೊಸ ಕೋಶಗಳೇ ಹುಟ್ಟದಿದ್ದಾಗ ರಾಶಿ ಬೀಳಲು ಏನಿದೆ? ಹಣ್ಣೇ ಬಾರದ ಕಣ ಖಾಲಿಯಾಗಿ ಕಾಣುವಂತೆ ಅಂಥ ಮಗುವಿನ ಫಿಲ್ಮ್ ಸಾಧಾರಣವಾಗಿ ಕಂಡುಬಿಡುತ್ತದೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಊಟ ಹತ್ತಿ ಮಗು ಬೆಳೆಯತೊಡಗಿದ ಮೇಲೆ ರಿಕೆಟ್ಸ್ ಎದ್ದು ಕಾಣುತ್ತದೆ. ‘ಚೆನ್ನಾಗಿ ತಿನ್ನಿಸಿದ ಮೇಲೆ ಕಾಯಿಲೆ ಬಂತು’ ಎಂದು ಮನೆಯವರು ಬೇಸರಪಟ್ಟುಕೊಳ್ಳುತ್ತಾರೆ. ಕಾಯಿಲೆ ಮೊದಲೇ ಇತ್ತು, ಕಾಣಿಸಿಕೊಳ್ಳಲು ಬೆಳವಣಿಗೆ ಬೇಕಾಗಿತ್ತು.

ಇದೇ ರೀತಿ ಕಾಣುವ ಬೇರೆ ಕಾಯಿಲೆಗಳು?

ಹಲವು ಇವೆ, ಗೊಂದಲ ಮಾಡುವವು ಮೂರು ನಾಲ್ಕು. ವಿಟಮಿನ್ ಸಿ ಕೊರತೆಯ ಸ್ಕರ್ವಿಯಲ್ಲಿ ಚಿತ್ರ ತಿರುಗುಮುರುಗು: ಬಿಳಿ ಗೆರೆ ಅಳಿಸುವ ಬದಲು ದಪ್ಪವಾಗುತ್ತದೆ, ಅದರ ಹಿಂದೆ ಒಂದು ಕಪ್ಪು ಪಟ್ಟಿ ಬರುತ್ತದೆ, ಮಗು ಕಾಲು ಮುಟ್ಟಿದರೆ ಚೀರುತ್ತದೆ. ಹೈಪೋಫಾಸ್ಫಟೇಸಿಯಾ ಎಂಬ ಅಪರೂಪದ ಹುಟ್ಟುಕಾಯಿಲೆಯಲ್ಲಿ ಫಿಲ್ಮ್ ರಿಕೆಟ್ಸ್‌ನಂತೆಯೇ ಇದ್ದು, ಆಲ್ಕಲೈನ್ ಫಾಸ್ಫಟೇಸ್ ಏರುವ ಬದಲು ಇಳಿದಿರುತ್ತದೆ. ಅಂಥವರಿಗೆ ವಿಟಮಿನ್ ಡಿ ತುಂಬಿದರೆ ಅಪಾಯ. ಮೂಳೆಯ ತುದಿಗಳೇ ವಕ್ರವಾಗಿ ಬೆಳೆಯುವ ಕೆಲವು ವಂಶವಾಹಿ ತೊಂದರೆಗಳಲ್ಲಿ ಬಟ್ಟಲು, ಕುಚ್ಚು ಎರಡೂ ಇದ್ದು ರಕ್ತದ ಅಂಕಿಗಳೆಲ್ಲ ಸರಿಯಾಗಿರುತ್ತವೆ.

ಮೂತ್ರಪಿಂಡದ ಕಾಯಿಲೆ, ಹುಟ್ಟಿನಿಂದಲೇ ಫಾಸ್ಫೇಟ್ ಸೋರುವ ಕಾಯಿಲೆ ಇವುಗಳಲ್ಲಿ ಬರುವುದೂ ನಿಜವಾದ ರಿಕೆಟ್ಸೇ, ಕಾರಣ ಮಾತ್ರ ಬೇರೆ. ಮನೆಯಲ್ಲಿ ತಾಯಿಗೋ ಅಜ್ಜನಿಗೋ ಕುಳ್ಳು ಮೈ, ಬಾಗಿದ ಕಾಲು ಇದ್ದರೆ ಎರಡನೆಯದನ್ನು ನೆನೆಯಬೇಕು.

ನಮ್ಮದು ಬಿಸಿಲಿನ ನಾಡು. ಕೊಡಗಿನಲ್ಲಿ ರಿಕೆಟ್ಸ್ ಹೇಗೆ ಬರುತ್ತದೆ?

ಬಿಸಿಲಿನ ನಾಡು ಎಂಬ ಮಾತನ್ನು ಆಷಾಢದಲ್ಲಿ ಮಡಿಕೇರಿಗೆ ಬಂದು ಹೇಳಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮತ್ತು ಮಂಜು. ಮಳೆ ಹಿಡಿಯುವ ಮುಂಚೆ ಹುಟ್ಟಿದ ಕೂಸು ಮೊದಲ ನಾಲ್ಕೈದು ತಿಂಗಳು ಬಾಣಂತಿ ಕೋಣೆಯಲ್ಲಿ, ಕಂಬಳಿಯ ಒಳಗೆ. ಕಿಟಕಿಯ ಗಾಜಿನ ಹಿಂದೆ ಬಿದ್ದ ಬಿಸಿಲು ಲೆಕ್ಕಕ್ಕಿಲ್ಲ, ವಿಟಮಿನ್ ಡಿ ಮಾಡುವ ಕಿರಣವನ್ನು ಗಾಜು ತಡೆದುಬಿಡುತ್ತದೆ. ಎದೆಹಾಲು ಉಳಿದೆಲ್ಲದರಲ್ಲಿ ಶ್ರೇಷ್ಠ, ವಿಟಮಿನ್ ಡಿ ವಿಷಯದಲ್ಲಿ ಬಡವ. ಅದಕ್ಕೇ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಹನಿ ಕೊಡಬೇಕೆನ್ನುವುದು.

ಬಿಸಿಲೊಂದೇ ಕಥೆಯಲ್ಲ. ಹಾಲು ಕಡಿಮೆ, ಅನ್ನ ಹೆಚ್ಚು ತಿನ್ನುವ ಮಗುವಿಗೆ ಕ್ಯಾಲ್ಸಿಯಂ ಸಾಲುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಸುಮಾರು. ನಮ್ಮದು ಅಕ್ಕಿ ರೊಟ್ಟಿ, ಕಡಂಬುಟ್ಟಿನ ಊರು. ರಾಗಿ ಪಕ್ಕದ ಜಿಲ್ಲೆಗಳಷ್ಟು ಒಲೆ ಏರುವುದಿಲ್ಲ.

ಬೆಳಕು ಮತ್ತು ಈ ಕಾಯಿಲೆಯ ನಂಟನ್ನು ಖಚಿತಪಡಿಸಿದ್ದೂ ಎಕ್ಸ್-ರೇ ಎಂಬುದು ನನಗೆ ಇಷ್ಟವಾದ ಸಂಗತಿ. 1919ರಲ್ಲಿ ಬರ್ಲಿನ್‌ನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ಆದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಕೊಟ್ಟು, ಮೂಳೆ ವಾಸಿಯಾಗುವುದನ್ನು ಫಿಲ್ಮಿನಲ್ಲಿ ತೋರಿಸಿದರು. ಒಂದು ಕೈಗೆ ಮಾತ್ರ ಬೆಳಕು ಬಿಟ್ಟರೂ ಎರಡೂ ಕೈಗಳ ಮೂಳೆ ಸುಧಾರಿಸಿತು. ಚರ್ಮದಲ್ಲಿ ಹುಟ್ಟಿದ ಏನೋ ಒಂದು ರಕ್ತದಲ್ಲಿ ಹರಿದು ಮೈಯೆಲ್ಲ ಮುಟ್ಟುತ್ತಿದೆ ಎಂಬುದಕ್ಕೆ ಅದು ಸುಳಿವಾಯಿತು.

ಎಕ್ಸ್-ರೇಯಿಂದ ಮಗುವಿಗೆ ತೊಂದರೆ ಇಲ್ಲವೇ?

ಮಣಿಕಟ್ಟಿನ ಒಂದು ಫಿಲ್ಮಿನ ವಿಕಿರಣ, ನಾವು ಸುಮ್ಮನೆ ಬದುಕಿರುವುದರಿಂದಲೇ ನೆಲ, ಗಾಳಿ, ಆಕಾಶದಿಂದ ಕೆಲವು ಗಂಟೆಗಳಲ್ಲಿ ಪಡೆಯುವಷ್ಟು. ಚಿಂತೆ ಬೇಡ. ಹಾಗೆಂದು ವಾರಕ್ಕೊಂದು ತೆಗೆಸುವುದೂ ಬೇಡ.

ಚಿಕಿತ್ಸೆ ಶುರುವಾದ ಮೇಲೆ ಫಿಲ್ಮ್ ಯಾವಾಗ ಬದಲಾಗುತ್ತದೆ?

ಆ 19 ತಿಂಗಳ ಹುಡುಗಿಯನ್ನು ನಾಲ್ಕು ವಾರಕ್ಕೆ ಕರೆದುಕೊಂಡು ಬಂದರು. ಹೊಸ ಫಿಲ್ಮಿನಲ್ಲಿ ಅಲ್ನಾದ ಕುಚ್ಚು ಹಾಗೆಯೇ ಇತ್ತು. ಆದರೆ ಕುಚ್ಚಿನಿಂದ ಆಚೆ, ಬೆರಳುಗಳ ಕಡೆಗೆ, ಏನೂ ಇರದಿದ್ದ ಕಪ್ಪಿನಲ್ಲಿ ಒಂದು ಬಿಳಿ ಗೆರೆ ತೇಲುತ್ತಿತ್ತು. ಮೊದಲ ಬಾರಿ ನೋಡುವವರು ಇದನ್ನು ಮುರಿದ ಚೂರು ಎಂದುಕೊಳ್ಳುತ್ತಾರೆ. ಅದು ವಾಸಿಯಾಗುತ್ತಿರುವ ಗುರುತು. ದಪ್ಪವಾದ ಮೃದ್ವಸ್ಥಿಯಲ್ಲಿ ಗೆರೆ ಇರಬೇಕಾದ ಜಾಗದಲ್ಲೇ ಸುಣ್ಣ ಮೊದಲು ಕೂರುತ್ತದೆ, ಹಳೆಯ ಅಂಚಿಗೂ ಅದಕ್ಕೂ ನಡುವಿನ ಕಪ್ಪು ಆಮೇಲೆ ತುಂಬಿಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಈ ಗೆರೆ ಕಾಣಿಸಿಕೊಳ್ಳಬೇಕು. ಅವಳ ಆಲ್ಕಲೈನ್ ಫಾಸ್ಫಟೇಸ್ ಆಗಿನ್ನೂ ಸಾವಿರದ ಮೇಲೆಯೇ ಇತ್ತು. ಅದು ಇಳಿಯಲು ತಿಂಗಳುಗಳು ಬೇಕು, ಆದ್ದರಿಂದ ಈ ಹಂತದಲ್ಲಿ ರಕ್ತಕ್ಕಿಂತ ಫಿಲ್ಮನ್ನು ನಂಬುತ್ತೇನೆ. ಮೂರು ತಿಂಗಳ ಫಿಲ್ಮಿನಲ್ಲಿ ಸಂದು ಕಿರಿದಾಗಿ, ಗೆರೆ ಕಾಂಡಕ್ಕೆ ಅಂಟಿಕೊಂಡಿತ್ತು. ಅಲ್ನಾ ಇನ್ನೂ ಸ್ವಲ್ಪ ಬಟ್ಟಲಿನಂತಿತ್ತು, ಆದರೆ ಬಟ್ಟಲಿಗೆ ಬಾಯಿಯ ಅಂಚು ಬಂದಿತ್ತು.

ಮೂರು ತಿಂಗಳಾದರೂ ಗೆರೆ ಬರದಿದ್ದರೆ?

ಮೊದಲು ಔಷಧಿ ನಿಜವಾಗಿ ಹೊಟ್ಟೆಗೆ ಹೋಯಿತೇ ಎಂದು ಕೇಳಬೇಕು. ಬಾಟಲಿ ತರಲು ಹೇಳಿ, ಎಷ್ಟು ಉಳಿದಿದೆ ನೋಡಿ. ಹನಿಗಳಲ್ಲಿ ಪ್ರತಿ ಮಿಲಿಲೀಟರಿನ ಬಲ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಎಷ್ಟು ಕೊಡುತ್ತಿದ್ದರೆಂಬುದನ್ನೂ ಡ್ರಾಪರ್ ಹಿಡಿಸಿ ನೋಡಬೇಕು. ಕ್ಯಾಲ್ಸಿಯಂ ಬಿಟ್ಟು ವಿಟಮಿನ್ ಡಿ ಒಂದನ್ನೇ ಕೊಟ್ಟಿರುವುದೂ ಸಾಮಾನ್ಯ.

ಕೊಟ್ಟದ್ದು ಸರಿಯಾಗಿದ್ದೂ ಅಲ್ನಾದ ತುದಿ ಬೇವಿನ ಕಡ್ಡಿಯಾಗಿಯೇ ಉಳಿದಿದ್ದರೆ ಅದು ಆಹಾರದ ಕೊರತೆಯ ರಿಕೆಟ್ಸ್ ಅಲ್ಲ. ಇಲ್ಲಿ ಕೆಲವರು ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಕೊಡಿಸುತ್ತಾರೆ, ಬದಲಾವಣೆ ಕಾಣದಿದ್ದರೆ ಮತ್ತೊಂದು. ನನಗೆ ಇದು ಒಪ್ಪಿಗೆಯಿಲ್ಲ. ಫಾಸ್ಫೇಟ್ ಸೋರುವ ಮಗುವಿಗೆ ಅದರಿಂದ ಮೂಳೆ ಗಟ್ಟಿಯಾಗುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡದಲ್ಲಿ ಸುಣ್ಣ ಕೂರಬಹುದು. ಎರಡನೇ ಇಂಜೆಕ್ಷನ್ ಬರೆಯುವ ಬದಲು ರಕ್ತದ ಮತ್ತು ಮೂತ್ರದ ಫಾಸ್ಫೇಟ್, ಕ್ರಿಯಾಟಿನಿನ್, ರಕ್ತದ ಆಮ್ಲೀಯತೆ ಇವನ್ನು ಒಂದೇ ದಿನ ಪರೀಕ್ಷಿಸಿ, ಮೊದಲ ಫಿಲ್ಮನ್ನೂ ಕೊನೆಯದನ್ನೂ ಕೈಗೆ ಕೊಟ್ಟು ಮಕ್ಕಳ ಹಾರ್ಮೋನು ತಜ್ಞರ ಬಳಿಗೆ ಕಳಿಸಿ. ಮೈಸೂರಿಗೆ ಒಂದು ಬಸ್ ಪ್ರಯಾಣ. ಎರಡೂ ಫಿಲ್ಮುಗಳ ಮೇಲೆ ತಾರೀಖು ಬರೆಯುವುದನ್ನು ಮರೆಯಬೇಡಿ.